ರೆಸ್ಯೂಮೆ ಜೊತೆ ಕಳಿಸುವ ಮೇಲ್‌ನಲ್ಲಿ ಏನು ಬರೆಯಬೇಕು? ಒಂದು ಅಕೌಂಟ್ಸ್ ಕೆಲಸದ ಅರ್ಜಿಯನ್ನಿಟ್ಟುಕೊಂಡು ನೋಡೋಣ

2025ರ ಜೂನ್‌ನಲ್ಲಿ ನನ್ನ ಅಕ್ಕನ ಮಗಳು ದಾವಣಗೆರೆಯಿಂದ ಫೋನ್ ಮಾಡಿದಳು. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿತ್ತು. ಅದಕ್ಕೆ ಅರ್ಜಿ ಹಾಕುತ್ತಿದ್ದಳು. ರೆಸ್ಯೂಮೆ ಸಿದ್ಧವಾಗಿತ್ತು, ಅದರ ಜೊತೆ ಹೋಗಬೇಕಾದ ಮೇಲ್ ಬರೆದು ನನಗೆ ತೋರಿಸಿದಳು. ಅದರ ಸಾರಾಂಶ ಇಷ್ಟು:

"ಮಾನ್ಯರೇ, ನಾನು ಬಿ.ಕಾಂ ಪದವೀಧರೆ. ಅಕೌಂಟ್ಸ್‌ನಲ್ಲಿ ಐದು ವರ್ಷದ ಅನುಭವವಿದೆ. ಟ್ಯಾಲಿ ಪ್ರೈಮ್, ಎಕ್ಸೆಲ್, ಜಿಎಸ್‌ಟಿ ರಿಟರ್ನ್ಸ್ ಗೊತ್ತಿದೆ. ಶ್ರಮಪಟ್ಟು ಕೆಲಸ ಮಾಡುತ್ತೇನೆ, ತಂಡದಲ್ಲಿ ಹೊಂದಿಕೊಳ್ಳುತ್ತೇನೆ. ರೆಸ್ಯೂಮೆ ಲಗತ್ತಿಸಿದ್ದೇನೆ. ದಯವಿಟ್ಟು ಒಂದು ಅವಕಾಶ ಕೊಡಿ."

ತಪ್ಪು ಎನ್ನುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ಮೊದಲ ಮೂರು ವಾಕ್ಯ ರೆಸ್ಯೂಮೆಯಲ್ಲೇ ಇವೆ. ನಾಲ್ಕನೆಯದನ್ನು ಅರ್ಜಿ ಹಾಕುವ ಪ್ರತಿಯೊಬ್ಬರೂ ಬರೆಯುತ್ತಾರೆ, ಅದು ನಿಜವೋ ಅಲ್ಲವೋ ಎಂದು ಓದುವವರಿಗೆ ತಿಳಿಯುವ ದಾರಿಯಿಲ್ಲ. ಅವಳೂ ಅದನ್ನೇ ಕೇಳಿದಳು: "ಚಿಕ್ಕಮ್ಮ, ಎಲ್ಲಾ ರೆಸ್ಯೂಮೆಯಲ್ಲೇ ಇದೆಯಲ್ಲ, ಇಲ್ಲಿ ಮತ್ತೇನು ಬರೀಲಿ?"

ನಾನೂ ಹಲವು ವರ್ಷ ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್ ನೋಡಿಕೊಂಡವಳು. ನಮ್ಮಲ್ಲಿ ಒಬ್ಬರು ಕೆಲಸ ಬಿಟ್ಟರೆ ಬಂದ ಅರ್ಜಿಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮೇಲ್‌ಗಳನ್ನು ಹೆಚ್ಚಾಗಿ ನೋಡುತ್ತಿದ್ದದ್ದು ಫೋನಿನಲ್ಲೇ, ಬಿಲ್ ಪಾಸ್ ಮಾಡುವ ಕೆಲಸದ ನಡುವೆ. ಮೇಲ್ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ, ರೆಸ್ಯೂಮೆಗೆ ಇನ್ನೊಂದು ಸಲ ಒತ್ತಿ ಫೈಲ್ ತೆರೆಯಬೇಕು. ಹಾಗಾಗಿ ರೆಸ್ಯೂಮೆ ಓದುವ ಮುಂಚೆಯೇ ಓದುವವರ ತಲೆಯಲ್ಲಿ ಏನಿರಬೇಕು ಎನ್ನುವುದು ಮೇಲ್‌ನಲ್ಲಿ ತೀರ್ಮಾನವಾಗುತ್ತದೆ. ರೆಸ್ಯೂಮೆ ಓದಿದ ಮೇಲೆ ಅವರಿಗೆ ಹುಟ್ಟುವ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಮೇಲ್‌ನ ಕೆಲಸ. ಆ ಪ್ರಶ್ನೆಗಳನ್ನು ಹುಡುಕುವುದು ಹೇಗೆ, ಉತ್ತರ ಬರೆಯುವುದು ಹೇಗೆ ಎಂದು ಅವಳ ಅರ್ಜಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕೆಪಿಎಸ್‌ಸಿ, ಕೆಇಎ ಮೂಲಕ ತುಂಬುವ ಸರ್ಕಾರಿ ಹುದ್ದೆಗಳಿಗೆ ಈ ಮೇಲ್‌ನ ಪ್ರಶ್ನೆಯೇ ಬರುವುದಿಲ್ಲ, ಅಲ್ಲಿ ಆನ್‌ಲೈನ್ ಅರ್ಜಿಯ ನಮೂನೆಯನ್ನು ತುಂಬಬೇಕು. ಇಲ್ಲಿ ಹೇಳುತ್ತಿರುವುದು "ರೆಸ್ಯೂಮೆಯನ್ನು ಈ ಐಡಿಗೆ ಕಳಿಸಿ" ಎನ್ನುವ ಖಾಸಗಿ ಕೆಲಸಗಳ ಬಗ್ಗೆ.

ಮೊದಲು ರೆಸ್ಯೂಮೆಯನ್ನು ಪೆನ್ಸಿಲ್ ಹಿಡಿದು ಓದಿ

ಮೇಲ್ ಬರೆಯಲು ಕೂರುವ ಮುಂಚೆ ರೆಸ್ಯೂಮೆಯ ಒಂದು ಪ್ರಿಂಟ್ ತೆಗೆಯಿರಿ. ನಿಮ್ಮನ್ನು ಎಂದೂ ನೋಡಿರದ ಒಬ್ಬರು ಓದುವ ಹಾಗೆ ಓದಿ. ಎಲ್ಲಿ "ಹೌದಾ, ಆದರೆ..." ಎಂದು ನಿಲ್ಲಬೇಕೆನಿಸುತ್ತದೋ ಅಲ್ಲಿ ಒಂದು ಗೆರೆ ಎಳೆಯಿರಿ. ನಿಮ್ಮದೇ ರೆಸ್ಯೂಮೆ ಆದ್ದರಿಂದ ನಿಮಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ನಿಮ್ಮ ಕೆಲಸದ ಬಗ್ಗೆ ಗೊತ್ತಿಲ್ಲದ ಸ್ನೇಹಿತರ ಕೈಗೆ ಕೊಟ್ಟು, ಏನೇನು ಕೇಳಬೇಕೆನಿಸಿತು ಎಂದು ವಿಚಾರಿಸಿದರೆ ಇನ್ನೂ ಒಳ್ಳೆಯದು.

ನಮ್ಮ ಹುಡುಗಿಯ ರೆಸ್ಯೂಮೆಯಲ್ಲಿ ಮೂರು ಕಡೆ ಗೆರೆ ಬಿತ್ತು. 2019ರಲ್ಲಿ ಬಿ.ಕಾಂ ಮುಗಿಸಿ ಮೂರು ವರ್ಷ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ, ಆಮೇಲೆ ಎರಡು ವರ್ಷ ವಾಹನಗಳ ಬಿಡಿಭಾಗ ಮಾರುವ ಡೀಲರ್ ಒಬ್ಬರ ಹತ್ತಿರ ಕೆಲಸ ಮಾಡಿದ್ದಳು. ಎರಡನೆಯ ಕೆಲಸದ ಕೆಳಗೆ "ಜಿಎಸ್‌ಟಿ ರೀಕನ್ಸಿಲಿಯೇಷನ್" ಎಂದಿತ್ತು, ಅಂದರೆ ಖರೀದಿ ಬಿಲ್‌ಗಳನ್ನು ಜಿಎಸ್‌ಟಿ ದಾಖಲೆಯೊಂದಿಗೆ ತಾಳೆ ನೋಡುವ ಕೆಲಸ. ಅದನ್ನು ಅವಳೇ ಮಾಡುತ್ತಿದ್ದಳೋ, ಯಾರೋ ಮಾಡುವಾಗ ಪಕ್ಕದಲ್ಲಿ ಕೂತಿದ್ದಳೋ ಗೊತ್ತಾಗುವುದಿಲ್ಲ. ಇದು ಮೊದಲನೆಯ ಗೆರೆ. 2024ರ ಏಪ್ರಿಲ್‌ಗೆ ಆ ಕೆಲಸ ಮುಗಿದಿದೆ, ಆಮೇಲೆ ಹದಿನಾಲ್ಕು ತಿಂಗಳು ಏನೂ ಇಲ್ಲ. ಇದು ಎರಡನೆಯದು. ವಿಳಾಸ ದಾವಣಗೆರೆಯದು, ಕೆಲಸ ಪೀಣ್ಯದಲ್ಲಿ. ಇವಳು ನಿಜವಾಗಿ ಬರುತ್ತಾಳಾ, ಬಂದರೆ ಯಾವಾಗ ಎನ್ನುವುದು ಮೂರನೆಯದು.

ಇಷ್ಟು ಸಿಕ್ಕಿತೆಂದರೆ ಮೇಲ್‌ನ ಅರ್ಧ ಸಾಮಗ್ರಿ ಸಿಕ್ಕಿದಂತೆ. ಹೆಚ್ಚಿನವರು ಇಲ್ಲೊಂದು ತಪ್ಪು ಮಾಡುತ್ತಾರೆ. ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುವುದನ್ನು ಮೇಲ್‌ನಲ್ಲಿ ಇನ್ನೊಮ್ಮೆ ಹೇಳಿ, ಗೆರೆ ಬಿದ್ದ ಜಾಗಗಳ ಬಗ್ಗೆ ಸುಮ್ಮನಿದ್ದುಬಿಡುತ್ತಾರೆ. ಓದುವವರು ಆ ಜಾಗವನ್ನು ತಮ್ಮದೇ ಊಹೆಯಿಂದ ತುಂಬಿಕೊಳ್ಳುತ್ತಾರೆ, ಆ ಊಹೆ ನಿಮ್ಮ ಪರವಾಗಿ ಇರುವುದು ಕಡಿಮೆ.

ಜಾಹೀರಾತಿನ ಹಿಂದಿರುವ ತಲೆನೋವು ಯಾವುದು?

ಆ ಜಾಹೀರಾತು ಐದೇ ಸಾಲು. ಮೂರರಿಂದ ಐದು ವರ್ಷದ ಅನುಭವ, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್ಸ್ ಮತ್ತು ವೆಂಡರ್ ರೀಕನ್ಸಿಲಿಯೇಷನ್, ಜಾಬ್ ವರ್ಕ್ ತಿಳಿದಿದ್ದರೆ ಒಳ್ಳೆಯದು, ಬೇಗ ಸೇರುವವರಿಗೆ ಆದ್ಯತೆ. ಟ್ಯಾಲಿ ಎಲ್ಲಾ ಅಕೌಂಟ್ಸ್ ಜಾಹೀರಾತಿನಲ್ಲೂ ಇರುತ್ತದೆ, ಅದರಿಂದ ತಿಳಿಯುವುದು ಏನೂ ಇಲ್ಲ. ತಿಳಿಯುವುದಿದ್ದರೆ ವೆಂಡರ್ ರೀಕನ್ಸಿಲಿಯೇಷನ್ ಮತ್ತು ಜಾಬ್ ವರ್ಕ್ ಎನ್ನುವ ಎರಡು ಮಾತಿನಿಂದ.

2022ರ ಜನವರಿ 1ರಿಂದ, ಸರಕು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿ ಅದು ನಮ್ಮ ಲೆಕ್ಕಕ್ಕೆ ಬಂದರಷ್ಟೇ ಆ ಬಿಲ್‌ನ ಜಿಎಸ್‌ಟಿ ಕ್ರೆಡಿಟ್, ಅಂದರೆ ಅದರಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಅವಕಾಶ, ನಮಗೆ ಸಿಗುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ತಮ್ಮ ಮಾರಾಟದ ಬಿಲ್‌ಗಳನ್ನು ಮುಂದಿನ ತಿಂಗಳ 11ರೊಳಗೆ ತೋರಿಸಬೇಕು. 14ಕ್ಕೆ, ಅವರು ಹಾಗೆ ತೋರಿಸಿದ ಬಿಲ್‌ಗಳ 2ಬಿ ಎನ್ನುವ ಪಟ್ಟಿ ನಮಗೆ ಸಿಗುತ್ತದೆ. 20ರೊಳಗೆ ನಾವು ತೆರಿಗೆ ಕಟ್ಟಬೇಕು. 14ರಿಂದ 20ರವರೆಗಿನ ಆ ಆರು ದಿನ ಅಕೌಂಟ್ಸ್‌ನವರು ಊಟ ಬಿಟ್ಟು ಕೂರುವ ದಿನಗಳು. ನಮ್ಮ ಪುಸ್ತಕದಲ್ಲಿರುವ ಬಿಲ್ 2ಬಿಯಲ್ಲಿ ಇಲ್ಲದಿದ್ದರೆ ಅಷ್ಟು ತೆರಿಗೆಯನ್ನು ಆ ತಿಂಗಳು ಕೈಯಿಂದ ಕಟ್ಟಬೇಕು.

ಜಾಬ್ ವರ್ಕ್ ಇನ್ನೊಂದು ಬಗೆಯ ತಲೆನೋವು. ಬಿಡಿಭಾಗ ಮಾಡುವ ಕಾರ್ಖಾನೆ ಎಲ್ಲಾ ಕೆಲಸವನ್ನೂ ತಾನೇ ಮಾಡುವುದಿಲ್ಲ. ಪ್ಲೇಟಿಂಗ್‌ಗೆ ಒಂದು ಕಡೆ, ಹೀಟ್ ಟ್ರೀಟ್‌ಮೆಂಟ್‌ಗೆ ಇನ್ನೊಂದು ಕಡೆ ಚಲನ್ ಎನ್ನುವ ರವಾನೆ ಚೀಟಿಯ ಮೇಲೆ ಮಾಲು ಹೋಗುತ್ತದೆ. ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕವಾಗಿ ತೆರಿಗೆ ಬೀಳುತ್ತದೆ. 500 ಪೀಸ್ ಹೋಗಿ 480 ಬಂದರೆ ಉಳಿದ ಇಪ್ಪತ್ತು ಎಲ್ಲಿ ಎಂದು ಯಾರಾದರೂ ಬೆನ್ನು ಹತ್ತಲೇಬೇಕು.

ಅಂದರೆ ಆ ಐದು ಸಾಲಿನ ಜಾಹೀರಾತು ನಿಜವಾಗಿ ಕೇಳುತ್ತಿರುವುದು ಇಷ್ಟೇ: ಹೊರಗಿನವರ ಹತ್ತಿರ ಬಾಕಿ ಉಳಿದಿರುವುದರ ಬೆನ್ನು ಹತ್ತಿ, ದಿನ ಮೀರುವ ಮುಂಚೆ ತರಿಸಬಲ್ಲವರು ಬೇಕು. ನಿಮ್ಮ ಕೆಲಸ ಬೇರೆಯದಾದರೂ ಹೀಗೆಯೇ ಓದಿ. ಎಲ್ಲಾ ಜಾಹೀರಾತಿನಲ್ಲೂ ಇರುವ ಪದಗಳನ್ನು ಹೊಡೆದುಹಾಕಿ, ಉಳಿದ ಒಂದೆರಡು ಪದ ಯಾಕೆ ಅಲ್ಲಿವೆ ಎಂದು ಯೋಚಿಸಿ. ಜಾಹೀರಾತು ತೀರಾ ಸಣ್ಣದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಅವರು ಏನು ತಯಾರಿಸುತ್ತಾರೆ, ಯಾರಿಗೆ ಮಾರುತ್ತಾರೆ ಎಂದು ನೋಡಿದರೂ ಅರ್ಧ ಅಂದಾಜು ಸಿಗುತ್ತದೆ.

ರೆಸ್ಯೂಮೆಯ ಒಂದೇ ಒಂದು ಸಾಲನ್ನು ಬಿಡಿಸಿ ಹೇಳಿ

ಈಗ ಆ ತಲೆನೋವಿಗೆ ಹತ್ತಿರವಾದ ಒಂದು ಸಾಲನ್ನು ರೆಸ್ಯೂಮೆಯಲ್ಲಿ ಹುಡುಕಬೇಕು. ಎರಡು ಮೂರು ಸಾಲು ಆರಿಸಿದರೆ ಮೇಲ್ ಮತ್ತೆ ಪಟ್ಟಿಯಾಗುತ್ತದೆ. ಒಂದನ್ನೇ ತೆಗೆದುಕೊಂಡು, ರೆಸ್ಯೂಮೆಯಲ್ಲಿ ಜಾಗ ಸಾಲದೆ ಬಿಟ್ಟದ್ದನ್ನು ಹೇಳಿ. ಮೊದಲು ಹೇಗಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು.

ನಾನು ಅವಳನ್ನು ಕೇಳಿದೆ: "ರೀಕನ್ಸಿಲಿಯೇಷನ್ ಅಂತ ಬರೆದಿದ್ದೀಯಲ್ಲ, ನೀನು ನಿಜವಾಗಿ ಏನು ಮಾಡ್ತಿದ್ದೆ?"

"ಟ್ಯಾಲಿಯಿಂದ ಪರ್ಚೇಸ್ ರಿಜಿಸ್ಟರ್ ತೆಗೆದು, 2ಬಿ ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ತಾಳೆ ನೋಡ್ತಿದ್ದೆ."

"ಅದನ್ನ ಎಲ್ಲರೂ ಮಾಡ್ತಾರೆ. ತಾಳೆ ಆಗದಿದ್ದರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಉದ್ದ ನೋಟ್‌ಬುಕ್‌ನ ಕಥೆ ಹೇಳಿದಳು. ಮೊದಮೊದಲು ತಿಂಗಳಿಗೆ ಮೂವತ್ತೈದು ನಲವತ್ತು ಬಿಲ್ ತಾಳೆಯಾಗುತ್ತಿರಲಿಲ್ಲವಂತೆ. ಮೂರು ತಿಂಗಳ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಪ್ರತಿ ಸಲವೂ ಅದೇ ಒಂಬತ್ತು ಹತ್ತು ಸಪ್ಲೈಯರ್‌ಗಳ ಹೆಸರು ಬರುತ್ತಿದ್ದದ್ದು ಕಂಡಿತು. ಕೆಲವರು ತಡ ಮಾಡುತ್ತಿದ್ದರು, ಇಬ್ಬರು ಡೀಲರ್‌ನ ಹಳೆಯ ಜಿಎಸ್‌ಟಿ ನಂಬರನ್ನೇ ಹಾಕುತ್ತಿದ್ದರು. ಅವಳು 14ರವರೆಗೆ ಕಾಯುವುದನ್ನು ಬಿಟ್ಟಳು. ಪ್ರತಿ ತಿಂಗಳು 8ಕ್ಕೆ ಆ ಹತ್ತು ಮಂದಿಗೆ ಅವರವರ ಬಿಲ್ ನಂಬರುಗಳ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಒಂದು ಫೋನ್ ಮಾಡಿ, "ಇವಿಷ್ಟನ್ನೂ ಈ ಸಲ ತೋರಿಸ್ತೀರಲ್ಲ?" ಎಂದು ಕೇಳುತ್ತಿದ್ದಳು. ಯಾರು ಏನು ಹೇಳಿದರು ಎಂದು ನೋಟ್‌ಬುಕ್‌ನಲ್ಲಿ ತಾರೀಖು ಸಮೇತ ಬರೆಯುತ್ತಿದ್ದಳು. ಐದಾರು ತಿಂಗಳಲ್ಲಿ ತಾಳೆಯಾಗದ ಬಿಲ್ ಆರೇಳಕ್ಕೆ ಇಳಿಯಿತು.

ಇದರಲ್ಲಿ ಒಂದು ಮಾತೂ ರೆಸ್ಯೂಮೆಯಲ್ಲಿ ಇರಲಿಲ್ಲ. "ಜಿಎಸ್‌ಟಿ ರೀಕನ್ಸಿಲಿಯೇಷನ್" ಎಂಬ ಎರಡು ಪದದೊಳಗೆ ಇದೆಲ್ಲ ಹುದುಗಿಹೋಗಿತ್ತು. 8ನೇ ತಾರೀಖಿನ ಫೋನ್ ಎನ್ನುವ ವಿವರ ಓದಿದ ಯಾವ ಅಕೌಂಟೆಂಟ್ ಆದರೂ, ಈ ಕೆಲಸವನ್ನು ಇವಳು ಸ್ವತಃ ಮಾಡಿದ್ದಾಳೆ ಎಂದು ಒಪ್ಪುತ್ತಾರೆ. ಯಾಕೆಂದರೆ ಕೆಲಸ ಮಾಡದವರಿಗೆ 11ಕ್ಕಿಂತ ಮುಂಚೆ ಫೋನ್ ಮಾಡಬೇಕೆಂದು ಹೊಳೆಯುವುದಿಲ್ಲ. ನೀವು ಹುಡುಕಬೇಕಾದದ್ದೂ ಅಂಥ ವಿವರವನ್ನೇ.

ಅಂಕಿಗಳ ಬಗ್ಗೆ ಎರಡು ಎಚ್ಚರಿಕೆ. ನೆನಪಿನಿಂದ ಹೇಳುವ ಅಂಕಿಯಾದರೆ "ಸುಮಾರು" ಎಂದೇ ಬರೆಯಿರಿ, ಇಂಟರ್‌ವ್ಯೂನಲ್ಲಿ ಅದೇ ಅಂಕಿಯ ಬಗ್ಗೆ ಕೇಳುತ್ತಾರೆ. ಹಿಂದಿನ ಮಾಲೀಕರ ವಹಿವಾಟಿನ ಮೊತ್ತ, ಸಪ್ಲೈಯರ್‌ಗಳ ಹೆಸರು, ತೆರಿಗೆ ಬಾಕಿ ಇವನ್ನು ಮಾತ್ರ ಬರೆಯಬೇಡಿ. ಇಂದು ಅವರ ಲೆಕ್ಕ ನಮಗೆ ಹೇಳಿದವರು ನಾಳೆ ನಮ್ಮ ಲೆಕ್ಕ ಇನ್ನೊಬ್ಬರಿಗೆ ಹೇಳುತ್ತಾರೆ ಎಂದು ಓದುವವರಿಗೆ ಅನಿಸಿದರೆ ಅಲ್ಲಿಗೆ ಅರ್ಜಿ ಮುಗಿಯಿತು. ಬಿಲ್‌ಗಳ ಸಂಖ್ಯೆ, ದಿನಗಳ ಸಂಖ್ಯೆ ಹೇಳಿದರೆ ಯಾರ ಗುಟ್ಟೂ ಹೊರಬೀಳುವುದಿಲ್ಲ.

ಗೊತ್ತಿಲ್ಲದ ಕೆಲಸದ ಬಗ್ಗೆ

ಜಾಬ್ ವರ್ಕ್ ಅವಳು ಮಾಡಿರಲಿಲ್ಲ. ಆ ವಿಷಯ ಎತ್ತುವುದೇ ಬೇಡ ಎಂದಳು. ನಾನು ಒಪ್ಪಲಿಲ್ಲ. ಜಾಹೀರಾತಿನಲ್ಲಿ ಹೆಸರಿಸಿ ಕೇಳಿದ್ದನ್ನು ರೆಸ್ಯೂಮೆಯಲ್ಲಿ ಅವರು ಹೇಗೂ ಹುಡುಕುತ್ತಾರೆ, ಸಿಗುವುದಿಲ್ಲ. ಆ ಹೊತ್ತಿಗೆ ಮೇಲ್‌ನಲ್ಲಿ ಒಂದು ನೇರ ವಾಕ್ಯ ಇದ್ದರೆ ಅದು ಅರ್ಜಿಯನ್ನು ಉಳಿಸಬಹುದು. ಆದರೆ "ಬೇಗ ಕಲಿಯುತ್ತೇನೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅದಕ್ಕೆ ಹತ್ತಿರವಾದ ಯಾವ ಕೆಲಸ ಮಾಡಿದ್ದೀರಿ ಎಂದು ತೋರಿಸಬೇಕು.

ಡೀಲರ್ ಹತ್ತಿರ ವಾರಂಟಿಯಲ್ಲಿ ಕೆಟ್ಟ ಬಿಡಿಭಾಗ ವಾಪಸ್ ಬರುತ್ತಿದ್ದವು. ಅವನ್ನು ಚಲನ್ ಮೇಲೆ ಕಂಪನಿಗೆ ಕಳಿಸಿ, ಬದಲಿ ಬಂದಿದೆಯೋ ಇಲ್ಲವೋ ಎಂದು ನೋಡುವ ರಿಜಿಸ್ಟರ್ ಅವಳ ಹತ್ತಿರವೇ ಇತ್ತು. ಎಷ್ಟು ಹೋಯಿತು, ಎಷ್ಟು ಬಂತು, ಯಾವುದು ಎಷ್ಟು ದಿನದಿಂದ ಬಾಕಿ. ಜಾಬ್ ವರ್ಕ್ ರಿಜಿಸ್ಟರಿನ ಅಂಕಣಗಳೂ ಇವೇ. ಕಾನೂನು ಬೇರೆ, ಗಡುವು ಬೇರೆ, ಬೆನ್ನು ಹತ್ತುವ ಕೆಲಸ ಒಂದೇ. ಇದನ್ನು ಹೇಳುವ ಜಾಗ ರೆಸ್ಯೂಮೆಯಲ್ಲಿ ಎಲ್ಲೂ ಇಲ್ಲ, "ವಾರಂಟಿ ರಿಜಿಸ್ಟರ್" ಎಂದು ಬರೆದರೆ ಕಾರ್ಖಾನೆಯವರಿಗೆ ಸಂಬಂಧವೇ ಹೊಳೆಯುವುದಿಲ್ಲ. ಎರಡನ್ನೂ ಜೋಡಿಸಿ ತೋರಿಸಲು ಸಾಧ್ಯವಿರುವುದು ಮೇಲ್‌ನಲ್ಲಿ ಮಾತ್ರ. ಕೆಲಸದ ಕ್ಷೇತ್ರ ಬದಲಿಸುತ್ತಿರುವವರಿಗೆ ನನ್ನ ಲೆಕ್ಕದಲ್ಲಿ ಇಡೀ ಮೇಲ್‌ನ ಅತಿ ಮುಖ್ಯ ವಾಕ್ಯ ಇದು.

ಇನ್ನು ಹದಿನಾಲ್ಕು ತಿಂಗಳ ಬಿಡುವು. ತಂದೆಗೆ ಪಾರ್ಶ್ವವಾಯು ಹೊಡೆದು, ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಮೊದಲ ಕರಡಿನಲ್ಲಿ ಆಸ್ಪತ್ರೆ, ಫಿಸಿಯೋಥೆರಪಿ, ಖರ್ಚು ಎಲ್ಲಾ ಸೇರಿ ಎಂಟು ಸಾಲು ಇತ್ತು. ಓದಿದರೆ ಮನಸ್ಸು ಕರಗುತ್ತದೆ ನಿಜ. ಆದರೆ ಓದುವವರಿಗೆ ತಿಳಿಯಬೇಕಾದದ್ದು ಎರಡೇ: ಕಾರಣ ಏನು, ಅದು ಈಗ ಮುಗಿದಿದೆಯಾ. ಆದ್ದರಿಂದ ಒಂದೇ ವಾಕ್ಯಕ್ಕೆ ಇಳಿಸಿದೆವು. ಆ ಬಿಡುವಿನಲ್ಲಿ ತನ್ನ ಹಳೆಯ ಸಲಹೆಗಾರರಿಗೆ ಮನೆಯಿಂದಲೇ ನಾಲ್ಕು ಸಣ್ಣ ಅಂಗಡಿಗಳ ರಿಟರ್ನ್ ಸಿದ್ಧಮಾಡಿ ಕೊಡುತ್ತಿದ್ದಳಂತೆ. "ಅದೇನು ಕೆಲಸ ಅಲ್ಲ ಬಿಡಿ" ಎಂದು ರೆಸ್ಯೂಮೆಯಲ್ಲಿ ಹಾಕಿರಲಿಲ್ಲ! ಅದನ್ನೂ ಆ ವಾಕ್ಯದ ಬೆನ್ನಿಗೆ ಸೇರಿಸಿದೆವು.

ಊರು, ಸೇರುವ ದಿನ ಇವೆರಡಕ್ಕೆ ಒಂದು ಸಾಲು ಸಾಕು. ಸಂಬಳದ ಮಾತು ಅವರು ಕೇಳಿದ್ದರೆ ಮಾತ್ರ. ಕೆಲವು ಜಾಹೀರಾತುಗಳಲ್ಲಿ ಈಗಿನ ಸಂಬಳ, ನಿರೀಕ್ಷೆಯ ಸಂಬಳ, ನೋಟಿಸ್ ಪೀರಿಯಡ್ ಬರೆಯಿರಿ ಎಂದು ಸ್ಪಷ್ಟವಾಗಿ ಇರುತ್ತದೆ. ಆಗ ಮೇಲ್‌ನ ಕೊನೆಗೆ ಮೂರನ್ನೂ ಬರೆಯಿರಿ. ಕೇಳಿಯೂ ಬರೆಯದ ಅರ್ಜಿಯನ್ನು ಬದಿಗಿಟ್ಟದ್ದನ್ನು ನಾನೇ ನೋಡಿದ್ದೇನೆ.

ಕೊನೆಗೆ ಮೇಲ್ ಆದದ್ದು ಹೀಗೆ

ಕಂಪನಿಯ ವ್ಯವಹಾರ ಇಂಗ್ಲಿಷಿನಲ್ಲಿ ಇದ್ದದ್ದರಿಂದ ಅವಳು ಕಳಿಸಿದ್ದು ಇಂಗ್ಲಿಷಿನಲ್ಲಿ. ಮೊದಲು ಬರೆದುಕೊಂಡದ್ದು ಕನ್ನಡದಲ್ಲಿ, ಆ ಕನ್ನಡ ರೂಪವನ್ನೇ ಇಲ್ಲಿ ಕೊಡುತ್ತಿದ್ದೇನೆ.

> ನಮಸ್ಕಾರ,
>
> ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಿಮ್ಮ ಜಾಹೀರಾತಿನಲ್ಲಿ ವೆಂಡರ್ ರೀಕನ್ಸಿಲಿಯೇಷನ್ ಎಂದಿದೆ, ಕಳೆದ ಕೆಲಸದಲ್ಲಿ ನನ್ನ ಮುಖ್ಯ ಜವಾಬ್ದಾರಿ ಅದೇ ಆಗಿತ್ತು.
>
> ನಾನು ಸೇರಿದಾಗ ಪ್ರತಿ ತಿಂಗಳು ಸುಮಾರು 35 ಬಿಲ್ 2ಬಿಯೊಂದಿಗೆ ತಾಳೆಯಾಗುತ್ತಿರಲಿಲ್ಲ. ಮೂರು ತಿಂಗಳ ಪಟ್ಟಿ ಹೋಲಿಸಿದಾಗ ಹೆಚ್ಚಿನವು ಹತ್ತು ಸಪ್ಲೈಯರ್‌ಗಳವೇ ಎಂದು ತಿಳಿಯಿತು. ಅವರು ರಿಟರ್ನ್ ಹಾಕುವ ಮುಂಚೆಯೇ, ಪ್ರತಿ ತಿಂಗಳು 8ಕ್ಕೆ, ಬಿಲ್ ಪಟ್ಟಿ ಕಳಿಸಿ ಫೋನ್ ಮಾಡತೊಡಗಿದೆ. ಆರು ತಿಂಗಳಲ್ಲಿ ತಾಳೆಯಾಗದ ಬಿಲ್ ಏಳಕ್ಕೆ ಇಳಿಯಿತು.
>
> ಜಾಬ್ ವರ್ಕ್ ಚಲನ್‌ಗಳನ್ನು ನಾನು ನೇರವಾಗಿ ನಿಭಾಯಿಸಿಲ್ಲ. ವಾರಂಟಿಗೆ ಚಲನ್ ಮೇಲೆ ಹೋದ ಬಿಡಿಭಾಗಗಳು ವಾಪಸ್ ಬಂದವೇ ಎಂದು ನೋಡುವ ರಿಜಿಸ್ಟರನ್ನು ಎರಡು ವರ್ಷ ನಾನೇ ಇಟ್ಟಿದ್ದೇನೆ, ಬಾಕಿಯ ಬೆನ್ನು ಹತ್ತುವ ಅಭ್ಯಾಸವಿದೆ.
>
> 2024ರ ಏಪ್ರಿಲ್‌ನಿಂದ ತಂದೆಯ ಅನಾರೋಗ್ಯದ ಕಾರಣ ಪೂರ್ಣಾವಧಿ ಕೆಲಸ ಮಾಡಿಲ್ಲ, ಈಗ ಆ ಜವಾಬ್ದಾರಿ ಮುಗಿದಿದೆ. ಈ ಅವಧಿಯಲ್ಲಿ ನಾಲ್ಕು ಅಂಗಡಿಗಳ ರಿಟರ್ನ್‌ಗಳನ್ನು ಮನೆಯಿಂದ ಸಿದ್ಧಪಡಿಸಿದ್ದೇನೆ. ಬೆಂಗಳೂರಿನಲ್ಲಿ ಉಳಿಯುವ ವ್ಯವಸ್ಥೆಯಾಗಿದೆ, ತಿಳಿಸಿದ ಹತ್ತು ದಿನದೊಳಗೆ ಸೇರಬಲ್ಲೆ.
>
> ಓದು ಮತ್ತು ಹಿಂದಿನ ಕೆಲಸಗಳ ವಿವರ ಲಗತ್ತಿಸಿದ ರೆಸ್ಯೂಮೆಯಲ್ಲಿದೆ.
>
> ವಂದನೆಗಳೊಂದಿಗೆ,
> (ಹೆಸರು, ಫೋನ್ ನಂಬರ್)

ಇದರಲ್ಲಿ ಬಿ.ಕಾಂ ಇಲ್ಲ, ಟ್ಯಾಲಿ ಇಲ್ಲ, ಎಕ್ಸೆಲ್ ಇಲ್ಲ. ಎಲ್ಲವೂ ರೆಸ್ಯೂಮೆಯಲ್ಲಿ ಇರುವುದರಿಂದ ಇಲ್ಲಿ ಬೇಕಿಲ್ಲ. "ಅವಕಾಶ ಕೊಡಿ" ಎಂಬ ಬೇಡಿಕೆಯೂ ಇಲ್ಲ, ಅರ್ಜಿ ಕಳಿಸಿದ್ದೇವೆ ಎಂದರೆ ಅವಕಾಶ ಕೇಳಿದ್ದೇವೆ ಎಂದೇ ಅರ್ಥ. ಉದ್ದದ ಮಟ್ಟಿಗೆ ಫೋನಿನ ಎರಡು ಪರದೆಗಿಂತ ಹೆಚ್ಚಾಗದಂತೆ ನೋಡಿಕೊಂಡರೆ ಸಾಕು. ಇಂಗ್ಲಿಷಿಗೆ ತರುವಾಗ ಸಣ್ಣ ಸಣ್ಣ ವಾಕ್ಯ ಮಾಡಿ, ನಿಮಗೆ ಬಾಯಲ್ಲಿ ಹೇಳಲು ಬರುವ ಇಂಗ್ಲಿಷನ್ನೇ ಬರೆಯಿರಿ. ಕನ್ನಡ ಪತ್ರಿಕೆ, ಪ್ರಕಾಶನ, ಕನ್ನಡ ಶಾಲೆಯಂಥ ಕಡೆಗಾದರೆ ಕನ್ನಡದಲ್ಲೇ ಕಳಿಸಿ. ಅಲ್ಲಿ ನಿಮ್ಮ ಮೇಲ್‌ನ ಭಾಷೆಯೇ ನಿಮ್ಮ ಕೆಲಸದ ಮಾದರಿ.

ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೇಲ್ ಮತ್ತು ರೆಸ್ಯೂಮೆ ಪಕ್ಕಪಕ್ಕ ಇಟ್ಟು, ರೆಸ್ಯೂಮೆಯಲ್ಲೂ ಇರುವ ಪ್ರತಿಯೊಂದು ವಾಕ್ಯವನ್ನು ಮೇಲ್‌ನಲ್ಲಿ ಹೊಡೆದುಹಾಕಿ. ಅವಳ ಮೊದಲ ಮೇಲ್‌ಗೆ ಹೀಗೆ ಮಾಡಿದಾಗ ಉಳಿದದ್ದು "ಮಾನ್ಯರೇ" ಮತ್ತು ಕೊನೆಯ ಮೂರು ವಾಕ್ಯ. ಎರಡನೆಯದರಲ್ಲಿ ಹೋದದ್ದು ಹುದ್ದೆಯ ಹೆಸರು ಮತ್ತು "ರೀಕನ್ಸಿಲಿಯೇಷನ್" ಎಂಬ ಪದ ಮಾತ್ರ. ಆ ಪದ ಎರಡೂ ಕಡೆ ಇರಲೇಬೇಕು, ಇಲ್ಲದಿದ್ದರೆ ಮೇಲ್‌ನಲ್ಲಿ ಓದಿದ್ದು ರೆಸ್ಯೂಮೆಯ ಯಾವ ಕೆಲಸದ ಮಾತು ಎಂದು ಹುಡುಕಲು ಅವರಿಗೆ ಆಗುವುದಿಲ್ಲ. ತಾರೀಖುಗಳೂ ಎರಡೂ ಕಡೆ ಒಂದೇ ಇರಬೇಕು. ಮೇಲ್‌ನಲ್ಲಿ ಏಪ್ರಿಲ್, ರೆಸ್ಯೂಮೆಯಲ್ಲಿ ಮಾರ್ಚ್ ಎಂದಿದ್ದರೆ ಲೆಕ್ಕದ ಕೆಲಸಕ್ಕೆ ಬಂದವರ ಮೇಲೆ ಅನುಮಾನ ಬರುವುದು ಸಹಜ.

ಕೆಲಸದ ಅನುಭವವೇ ಇಲ್ಲದವರಿಗೂ ದಾರಿ ಇದೇ. ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್‌ನ ಒಂದು ಸಾಲನ್ನು ತೆಗೆದುಕೊಂಡು, ಅದರಲ್ಲಿ ನಿಮ್ಮ ಕೈಯಿಂದ ಆದದ್ದು ಯಾವುದು, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದಿರಿ ಎಂದು ನಾಲ್ಕು ವಾಕ್ಯದಲ್ಲಿ ಹೇಳಿ. ಅಪ್ಪನ ಅಂಗಡಿಯ ಬಿಲ್ ಬರೆದದ್ದೂ ಲೆಕ್ಕದ ಕೆಲಸಕ್ಕೆ ಲೆಕ್ಕವೇ.

ಸಬ್ಜೆಕ್ಟ್, ಫೈಲ್, ಕಳಿಸುವುದು

ಸಬ್ಜೆಕ್ಟ್ ಸಾಲಿನಲ್ಲಿ ಹುದ್ದೆಯ ಹೆಸರು ಮೊದಲು ಬರಲಿ, ಆಮೇಲೆ ಅವರಿಗೆ ಆರಿಸಲು ನೆರವಾಗುವ ಒಂದು ಮಾತು, ಕೊನೆಗೆ ನಿಮ್ಮ ಹೆಸರು. ಫೋನಿನಲ್ಲಿ ಉದ್ದದ ಸಬ್ಜೆಕ್ಟ್‌ನ ಬಾಲ ಕತ್ತರಿಸಿಹೋಗುತ್ತದೆ. ಜಾಹೀರಾತಿನಲ್ಲಿ ಜಾಬ್ ಕೋಡ್ ಇದ್ದರೆ ಅದನ್ನು ಇದ್ದ ಹಾಗೆಯೇ ಹಾಕಿ. ಅವಳು ಹಾಕಿದ ಸಬ್ಜೆಕ್ಟ್ ಮತ್ತು ಫೈಲಿನ ಹೆಸರಿನ ಮಾದರಿ ಹೀಗಿತ್ತು:

```
Accounts Executive - GST reconciliation, 5 yrs - Your Name
YourName_Accounts_Resume.pdf
```

ಫೈಲ್ ಪಿಡಿಎಫ್ ಆಗಿರಲಿ, ವರ್ಡ್ ಫೈಲ್ ಫೋನಿನಲ್ಲಿ ತೆರೆದಾಗ ಸಾಲುಗಳು ಅಸ್ತವ್ಯಸ್ತವಾಗುತ್ತವೆ. "ಫೈನಲ್ ನ್ಯೂ 3" ಎಂಬಂಥ ಹೆಸರಿನ ಫೈಲ್ ಕಳಿಸಬೇಡಿ, ಅವರು ಅದನ್ನು ಡೌನ್‌ಲೋಡ್ ಮಾಡಿದ ಮೇಲೆ ಯಾರದೆಂದು ಗೊತ್ತಾಗುವುದಿಲ್ಲ. ಗೂಗಲ್ ಡ್ರೈವ್ ಲಿಂಕ್ ಕೊಡುವುದಕ್ಕಿಂತ ಫೈಲನ್ನೇ ಲಗತ್ತಿಸುವುದು ಮೇಲು. ಲಿಂಕ್‌ನ ಅನುಮತಿ `Restricted` ಎಂದೇ ಉಳಿದಿದ್ದರೆ ಅವರಿಗೆ ತೆರೆಯುವುದಿಲ್ಲ, ಅನುಮತಿ ಕೇಳಿ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮೇಲ್‌ನಲ್ಲಿ ಬರೆದದ್ದನ್ನೇ ಮತ್ತೆ ಕವರ್ ಲೆಟರ್ ಎಂದು ಇನ್ನೊಂದು ಫೈಲ್ ಮಾಡಿ ಸೇರಿಸುವುದೂ ಬೇಡ, ಅವರು ಪ್ರತ್ಯೇಕವಾಗಿ ಕೇಳಿದ್ದರಷ್ಟೇ.

ಬರೆಯುವಾಗ `To` ಜಾಗವನ್ನು ಖಾಲಿ ಬಿಟ್ಟಿರಿ. ಮೊದಲು ನಿಮ್ಮದೇ ಐಡಿಗೆ ಕಳಿಸಿ, ಫೋನಿನಲ್ಲಿ ತೆರೆದು ನೋಡಿ. ಫೈಲ್ ತೆರೆಯುತ್ತದೆಯಾ, ಫೋನ್ ನಂಬರ್ ಸರಿಯಿದೆಯಾ, ಬೇರೆ ಕಂಪನಿಗೆ ಕಳಿಸಿದ ಹಳೆಯ ಮೇಲ್‌ನಿಂದ ನಕಲು ಮಾಡಿದ ಹೆಸರೇನಾದರೂ ಉಳಿದಿದೆಯಾ. ಈ ಕೊನೆಯದನ್ನು ಎರಡು ಸಲ ನೋಡಿ, ನಮ್ಮ ಕಾರ್ಖಾನೆಗೆ ಬಂದ ಅರ್ಜಿಗಳಲ್ಲಿ ಇನ್ನೊಂದು ಕಾರ್ಖಾನೆಯ ಹೆಸರನ್ನು ಹೊಗಳಿದ್ದು ಎಷ್ಟೋ ಸಲ ಬಂದಿದೆ. ಎಲ್ಲಾ ಸರಿಯಿದ್ದರೆ ಆಗ ವಿಳಾಸ ಹಾಕಿ ಕಳಿಸಿ. ಹತ್ತು ಕಂಪನಿಗಳ ವಿಳಾಸ ಒಟ್ಟಿಗೆ ಹಾಕಿ ಒಂದೇ ಮೇಲ್ ಕಳಿಸಬೇಡಿ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ `Undo Send` ಅವಧಿಯನ್ನು 30 ಸೆಕೆಂಡ್‌ಗೆ ಏರಿಸಿಟ್ಟುಕೊಂಡರೆ, ಒತ್ತಿದ ಮೇಲೆ ಕಂಡ ತಪ್ಪನ್ನು ಹಿಂದಕ್ಕೆ ಎಳೆದುಕೊಳ್ಳಬಹುದು.

ಒಂದು ವಾರ ಹತ್ತು ದಿನ ಕಾದರೂ ಉತ್ತರ ಬಾರದಿದ್ದರೆ ಒಂದೇ ಒಂದು ನೆನಪಿನ ಮೇಲ್ ಕಳಿಸಬಹುದು. ಹೊಸ ಮೇಲ್ ಬರೆಯದೆ, ಮೊದಲು ಕಳಿಸಿದ್ದನ್ನೇ ತೆರೆದು ಅದಕ್ಕೇ ರಿಪ್ಲೈ ಕೊಡಿ, ಆಗ ಹಿಂದಿನದು ಕೆಳಗೆ ಕಾಣುತ್ತದೆ. "ಇಂಥ ದಿನ ಅರ್ಜಿ ಕಳಿಸಿದ್ದೆ, ಹುದ್ದೆ ಇನ್ನೂ ಖಾಲಿ ಇದ್ದರೆ ನಾನು ಲಭ್ಯವಿದ್ದೇನೆ" ಎಂದು ಎರಡು ಸಾಲು ಸಾಕು. ರಿಪ್ಲೈ ಮಾಡುವಾಗ ಹಳೆಯ ಅಟ್ಯಾಚ್‌ಮೆಂಟ್ ಜೊತೆಗೆ ಹೋಗುವುದಿಲ್ಲ, ರೆಸ್ಯೂಮೆಯನ್ನು ಮತ್ತೊಮ್ಮೆ ಲಗತ್ತಿಸಿ.